ಹಿಂದಕ್ಕೆ ತಿರುಗಿದ ಬಾಣ: ಪರಿಷ್ಕೃತ ನಕ್ಷೆಯ ಜೊತೆ ಬರಬೇಕಾದ ಪತ್ರ

ಕಟ್ಟಡದ ನಕ್ಷೆಯನ್ನು ನಮ್ಮಲ್ಲಿ ಬಹುತೇಕರು ಹೇಗೋ ಓದಿಕೊಳ್ಳುತ್ತಾರೆ. ಅಡುಗೆಮನೆ ಎಲ್ಲಿ, ಮೆಟ್ಟಿಲು ಯಾವ ಕಡೆ ತಿರುಗುತ್ತದೆ, ಬಾಗಿಲು ಪೂರ್ವಕ್ಕಿದೆಯೇ ಎಂಬುದು ನೋಡಿದೊಡನೆ ಗೊತ್ತಾಗುತ್ತದೆ. ಆದರೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ಕೈಗೆ ಕೊಳಚೆ ನೀರು ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ, ಪ್ರಕ್ರಿಯಾ ನಕ್ಷೆ ಬಂದಾಗ ಆ ಧೈರ್ಯ ಉಳಿಯುವುದಿಲ್ಲ. ಒಂದಿಷ್ಟು ಚೌಕಗಳು, ಅವುಗಳ ನಡುವೆ ಗೆರೆಗಳು, ಬಾಣಗಳು, ಕೆಳಗೊಂದು ಅಂಕಿಗಳ ಕೋಷ್ಟಕ. ಮೊದಲ ಸಲ ಹೇಗೋ ಸಹಿ ಹಾಕಿ ಕಳಿಸಿರುತ್ತಾರೆ. ಕೆಲವು ವಾರಗಳ ಬಳಿಕ ಅದೇ ನಕ್ಷೆ ಬದಲಾಗಿ ಮತ್ತೆ ಬರುತ್ತದೆ. ಜೊತೆಗೊಂದು ಪತ್ರ: "ಫೋನಿನಲ್ಲಿ ಮಾತಾಡಿದಂತೆ ಪರಿಷ್ಕೃತ ನಕ್ಷೆಯನ್ನು ಲಗತ್ತಿಸಿದೆ. ದಯವಿಟ್ಟು ಅನುಮೋದಿಸಿ."

ಏನು ಬದಲಾಯಿತು, ಏಕೆ ಬದಲಾಯಿತು, ಅದರಿಂದ ನಮಗೇನು ಎಂಬ ಮೂರಕ್ಕೂ ಆ ಪತ್ರದಲ್ಲಿ ಉತ್ತರವಿಲ್ಲ. ಹಣ ಕೊಡುವವರು, ಮುಂದೆ ಇಪ್ಪತ್ತು ವರ್ಷ ಆ ಘಟಕದ ಜೊತೆ ಬಾಳುವವರು ತಿಳಿಯದೆಯೇ ಒಪ್ಪಿಗೆ ಕೊಡಬೇಕಾಗುತ್ತದೆ. ಇಂಥ ಕಡೆ ಪ್ರಾಜೆಕ್ಟ್ ಮ್ಯಾನೇಜರ್ ಬರೆಯಬೇಕಾದ ಪತ್ರ ಹೇಗಿರಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ಇಲ್ಲಿ ಬಿಡಿಸಿ ನೋಡೋಣ. ಉದಾಹರಣೆಯ ಅಪಾರ್ಟ್‌ಮೆಂಟ್ ಇಂಥದ್ದೇ ಎಂದಿಲ್ಲ. ಬೆಂಗಳೂರಿನ ಮಧ್ಯಮ ಗಾತ್ರದ ಯಾವ ವಸತಿ ಸಮುಚ್ಚಯಕ್ಕೂ ಹೊಂದುವ ಲೆಕ್ಕವನ್ನು ತೆಗೆದುಕೊಂಡಿದ್ದೇನೆ.

ಮೊದಲು ನಕ್ಷೆಯ ವಿಷಯ. ಪ್ರಕ್ರಿಯಾ ನಕ್ಷೆಯಲ್ಲಿ ಅಳತೆಗೆ ಬೆಲೆಯಿಲ್ಲ. 24 ಸಾವಿರ ಲೀಟರಿನ ಟ್ಯಾಂಕ್ ಮತ್ತು 100 ಲೀಟರಿನ ಕ್ಲೋರಿನ್ ಡ್ರಮ್ಮು ಎರಡನ್ನೂ ಒಂದೇ ಗಾತ್ರದ ಚೌಕದಲ್ಲಿ ತೋರಿಸಿರಬಹುದು. ಯಾವುದು ನೆಲದ ಕೆಳಗಿದೆ, ಯಾವುದು ಮೇಲಿದೆ ಎಂಬುದೂ ಅದರಲ್ಲಿ ಸಿಗುವುದಿಲ್ಲ. ಅದು ಹೇಳುವುದು ಒಂದೇ ಸಂಗತಿ: ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಎಷ್ಟು ಹೋಗುತ್ತದೆ. ಗೆರೆಗಳ ಮೇಲೆ ಪುಟ್ಟ ವಜ್ರಾಕೃತಿಯಲ್ಲಿ 1, 2, 3 ಎಂದು ಸಂಖ್ಯೆಗಳಿರುತ್ತವೆ. ಕೆಳಗಿನ ಕೋಷ್ಟಕದಲ್ಲಿ ಅದೇ ಸಂಖ್ಯೆಯ ಎದುರು ಆ ಪೈಪಿನಲ್ಲಿ ದಿನಕ್ಕೆ ಎಷ್ಟು ನೀರು ಹರಿಯುತ್ತದೆ ಎಂದು ಬರೆದಿರುತ್ತದೆ. ನಕ್ಷೆಯ ಜೀವ ಇರುವುದು ಈ ಕೋಷ್ಟಕದಲ್ಲಿ. ಆದರೆ ಗ್ರಾಹಕರು ಹೆಚ್ಚಾಗಿ ನೋಡದೆ ಬಿಡುವುದೂ ಇದನ್ನೇ.

ನಕ್ಷೆ ಬದಲಾದಾಗ ಬಲಗಡೆ ಕೆಳಮೂಲೆಯ ಪಟ್ಟಿಯಲ್ಲಿ ರೆವ್ 0 ಹೋಗಿ ರೆವ್ 1 ಆಗುತ್ತದೆ. ತಾರೀಖು, ಬರೆದವರ ಮತ್ತು ಪರಿಶೀಲಿಸಿದವರ ಸಹಿ, ಒಂದು ಸಾಲಿನ ಕಾರಣ ಅಲ್ಲಿ ಸೇರುತ್ತವೆ. ಬದಲಾದ ಭಾಗದ ಸುತ್ತ ಮೋಡದಂಥ ಅಂಕುಡೊಂಕು ಗೆರೆ ಎಳೆದು, ಪಕ್ಕದಲ್ಲೊಂದು ತ್ರಿಕೋನ ಬರೆದು, ಅದರೊಳಗೆ 1 ಎಂದು ಹಾಕುತ್ತಾರೆ. ಇದರಲ್ಲಿ ಹೊರಗಿನವರಿಗೆ ಗೊತ್ತಿರದ ಒಂದು ಪದ್ಧತಿಯಿದೆ. ರೆವ್ 2 ಬಂದಾಗ ರೆವ್ 1ರ ಮೋಡಗಳನ್ನು ಸಾಮಾನ್ಯವಾಗಿ ಅಳಿಸಿ, ಹೊಸ ಬದಲಾವಣೆಗೆ ಮಾತ್ರ ಮೋಡ ಹಾಕುತ್ತಾರೆ. ನೀವು ರೆವ್ 1 ನೋಡದೆ ನೇರವಾಗಿ ರೆವ್ 2 ನೋಡಿದರೆ, ನಡುವೆ ಆದ ಬದಲಾವಣೆ ಮೊದಲಿನಿಂದಲೂ ಹಾಗೇ ಇತ್ತೇನೋ ಎಂಬಂತೆ ಕಾಣುತ್ತದೆ. ಆದ್ದರಿಂದ ಯಾವ ಪ್ರತಿಯಿಂದ ಯಾವ ಪ್ರತಿಗೆ ಎಂಬುದು ಪತ್ರದ ಮೊದಲ ಸಾಲುಗಳಲ್ಲೇ ಇರಬೇಕು.

ಬದಲಾವಣೆಯನ್ನು ಬರೆದಿಡದೆ, ಬಲ್ಲವರಿಂದ ಪರಿಶೀಲಿಸದೆ ಮುಂದುವರಿದರೆ ಏನಾದೀತು ಎಂಬುದಕ್ಕೆ ಕೈಗಾರಿಕಾ ಲೋಕ ಮರೆಯದ ಘಟನೆಯೊಂದಿದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿದ್ದ ನೈಪ್ರೋ ರಾಸಾಯನಿಕ ಕಾರ್ಖಾನೆಯಲ್ಲಿ ಆರು ರಿಯಾಕ್ಟರುಗಳು ಸಾಲಾಗಿದ್ದವು. 1974ರಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ನಾಲ್ಕನೆಯದನ್ನೂ ಆರನೆಯದನ್ನೂ ಜೋಡಿಸಲು ತಾತ್ಕಾಲಿಕ ಪೈಪೊಂದನ್ನು ಹಾಕಿದರು. ಆ ಪೈಪಿಗೆ ಇದ್ದ ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ. ಜೂನ್ 1ರಂದು ಪೈಪು ಒಡೆದು, ಹೊರಬಂದ ಸೈಕ್ಲೋಹೆಕ್ಸೇನ್ ಸಿಡಿಯಿತು, 28 ಜನ ಸತ್ತರು. ಎಸ್‌ಟಿಪಿಯಲ್ಲಿ ಅಂಥ ಸ್ಫೋಟದ ಭಯವಿಲ್ಲ. ಇಲ್ಲಿ ತಪ್ಪಿದರೆ ಕೆರೆಗೆ ಹೊಲಸು ಹೋಗುತ್ತದೆ, ಗೋಡೆ ಒಡೆಯಬೇಕಾಗುತ್ತದೆ, ವರ್ಷಗಟ್ಟಲೆ ವಾಸನೆ ಸಹಿಸಬೇಕಾಗುತ್ತದೆ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಬದಲಾವಣೆಯನ್ನು ಯಾರು ನೋಡಿದರು, ಯಾರು ಒಪ್ಪಿದರು, ಯಾರಿಗೆ ತಿಳಿಸಿದರು?

ಈಗ ನಮ್ಮ ಉದಾಹರಣೆ. 120 ಫ್ಲ್ಯಾಟುಗಳ ಸಮುಚ್ಚಯ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಸುಮಾರು ಶೇಕಡ 85 ಭಾಗ ಕೊಳಚೆಯಾಗಿ ಬರುತ್ತದೆ ಎಂದು ಹಿಡಿದರೆ ದಿನಕ್ಕೆ 70 ಸಾವಿರ ಲೀಟರಿನಷ್ಟಾಗುತ್ತದೆ. ಹಳೆಯ ಘಟಕ ಹಾಳಾಗಿದೆ, ಪಕ್ಕದಲ್ಲೇ ಹೊಸದನ್ನು ಕಟ್ಟಬೇಕಾಗಿದೆ. ರೆವ್ 0 ನಕ್ಷೆಯಲ್ಲಿ ಇದ್ದದ್ದು ಸರಳವಾದ ಹಾದಿ. ಕೊಳಚೆ ನೀರು ಬಾರ್ ಸ್ಕ್ರೀನಿನಲ್ಲಿ ಕಸ ಬಿಟ್ಟು, ಈಕ್ವಲೈಸೇಷನ್ ಟ್ಯಾಂಕಿನಲ್ಲಿ ನಿಂತು, ಏರೇಶನ್ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿ ಬ್ಲೋವರ್ ಗಾಳಿ ಊದುತ್ತಿರುತ್ತದೆ, ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತವೆ. ಮುಂದೆ ಸೆಟ್ಲಿಂಗ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾದ ರಾಡಿ, ಅಂದರೆ ಸ್ಲಡ್ಜ್, ಕೆಳಗಿಳಿಯುತ್ತದೆ. ತಿಳಿನೀರು ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್ ದಾಟಿ, ಕ್ಲೋರಿನ್ ಸೇರಿಸಿಕೊಂಡು, ಫ್ಲಶ್ಶಿಗೂ ಗಿಡಗಳಿಗೂ ಹೋಗುತ್ತದೆ. ಕೆಳಗಿಳಿದ ಸ್ಲಡ್ಜಿನಲ್ಲಿ ಬಹುಪಾಲನ್ನು ಮತ್ತೆ ಏರೇಶನ್ ಟ್ಯಾಂಕಿಗೆ ಕಳಿಸುತ್ತಾರೆ, ಏಕೆಂದರೆ ದುಡಿಯುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ.

ಈ ನಕ್ಷೆ ರೆವ್ 1 ಆದಾಗ ಮ್ಯಾನೇಜರ್ ಬರೆಯಬೇಕಾದ ಪತ್ರ ಹೀಗೆ ಶುರುವಾದರೆ ಚೆನ್ನ:

"ಮಾನ್ಯ ಅಧ್ಯಕ್ಷರಿಗೂ ಕಾರ್ಯಕಾರಿ ಸಮಿತಿಯ ಸದಸ್ಯರಿಗೂ ನಮಸ್ಕಾರಗಳು. ನಿಮ್ಮ ಹೊಸ ಎಸ್‌ಟಿಪಿಯ ಪ್ರಕ್ರಿಯಾ ನಕ್ಷೆಯ ರೆವ್ 1 ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ನೀವು ಸಹಿ ಮಾಡಿಕೊಟ್ಟಿದ್ದ ರೆವ್ 0 ಇನ್ನು ಚಾಲ್ತಿಯಲ್ಲಿರುವುದಿಲ್ಲ. ಮುಖ್ಯವಾಗಿ ಎರಡು ಬದಲಾವಣೆಗಳಿವೆ: ಈಕ್ವಲೈಸೇಷನ್ ಟ್ಯಾಂಕ್ ದೊಡ್ಡದಾಗಿದೆ, ಏರೇಶನ್ ಟ್ಯಾಂಕಿನ ಮೊದಲು ಹೊಸದೊಂದು ಟ್ಯಾಂಕ್ ಬಂದಿದೆ. ಇದರಿಂದ ಅತಿಥಿಗಳ ಕಾರು ನಿಲ್ಲಿಸುವ ಒಂದು ಜಾಗ ಹೋಗುತ್ತದೆ. ವಿದ್ಯುತ್ ದಿನಕ್ಕೆ ಸುಮಾರು 18 ಯೂನಿಟ್ ಹೆಚ್ಚು ಬೇಕಾಗುತ್ತದೆ. ಟ್ಯಾಂಕಿನ ಗೋಡೆಗೆ ಕಾಂಕ್ರೀಟ್ ಹಾಕುವ ಮೊದಲು ನಿಮ್ಮ ಒಪ್ಪಿಗೆ ಬೇಕು."

ಕಹಿ ಸುದ್ದಿ ಮೊದಲ ಪ್ಯಾರಾದಲ್ಲೇ ಇರುವುದನ್ನು ಗಮನಿಸಿ. ಪಾರ್ಕಿಂಗ್ ಜಾಗ ಹೋಗುವುದು ಮೂರನೆಯ ಪುಟದಲ್ಲಿ ಗೊತ್ತಾದರೆ, ಓದುವವರು ಹಿಂದಿನ ಎರಡು ಪುಟಗಳನ್ನೂ ಅನುಮಾನದಿಂದ ಮತ್ತೆ ಓದುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ.

ಮುಂದಿನ ಭಾಗ ಮೊದಲ ಬದಲಾವಣೆಯದು:

"ರೆವ್ 0ರಲ್ಲಿ ಈಕ್ವಲೈಸೇಷನ್ ಟ್ಯಾಂಕಿಗೆ 12 ಸಾವಿರ ಲೀಟರ್ ಸಾಮರ್ಥ್ಯ ಇಟ್ಟಿದ್ದೆವು. ಆಮೇಲೆ ನಿಮ್ಮ ಹಳೆಯ ಘಟಕಕ್ಕೆ ಗಂಟೆಗಂಟೆಗೆ ಎಷ್ಟು ನೀರು ಬರುತ್ತದೆ ಎಂದು ಅಳೆದು ನೋಡಿದಾಗ, ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಗಂಟೆಗೆ ಸುಮಾರು 9 ಸಾವಿರ ಲೀಟರ್ ಬರುವುದು ಕಂಡಿತು. ಮುಂದಿನ ಟ್ಯಾಂಕಿಗೆ ನಾವು ಕಳಿಸುವುದು ಗಂಟೆಗೆ 3 ಸಾವಿರ ಮಾತ್ರ. ಗಂಟೆಗೆ 6 ಸಾವಿರದಂತೆ ಮೂರು ಗಂಟೆಯಲ್ಲಿ 18 ಸಾವಿರ ಲೀಟರ್ ಉಳಿಯುತ್ತದೆ. ಹಳೆಯ ಲೆಕ್ಕದ ಟ್ಯಾಂಕ್ ಖಾಲಿಯಿಂದ ಶುರುವಾದರೂ ಎಂಟು ಗಂಟೆಗೇ ತುಂಬುತ್ತದೆ. ಆದ್ದರಿಂದ ಅದನ್ನು 24 ಸಾವಿರ ಲೀಟರಿಗೆ ಏರಿಸಿದ್ದೇವೆ."

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಎಂಟು ಗಂಟೆಗೆ ತುಂಬಿದ ಟ್ಯಾಂಕಿಗೆ ಮತ್ತೆ ಒಂದು ಗಂಟೆ ಬರುವ ನೀರು ಎಲ್ಲಿಗೆ ಹೋಗುತ್ತಿತ್ತು? ರೆವ್ 0ರಲ್ಲಿ ಆ ಟ್ಯಾಂಕಿನ ಮೇಲ್ಭಾಗದಿಂದ ಒಂದು ತೆಳು ಗೆರೆ ಹೊರಟು ಮಳೆನೀರಿನ ಚರಂಡಿಗೆ ಸೇರುತ್ತಿತ್ತು. "ತುರ್ತು ಬೈಪಾಸ್" ಎಂದು ಪಕ್ಕದಲ್ಲಿ ಬರೆದಿತ್ತು. ಲೆಕ್ಕ ಹಾಕಿದರೆ ಈ ತುರ್ತು ದಿನವೂ ಬೆಳಗ್ಗೆ ಬರುತ್ತಿತ್ತು, ದಿನವೂ 6 ಸಾವಿರ ಲೀಟರ್ ಹಸಿ ಕೊಳಚೆ ಕಾಲುವೆ ಹಿಡಿದು ಕೆರೆ ಸೇರುತ್ತಿತ್ತು. ರೆವ್ 1ರಲ್ಲಿ ಆ ಗೆರೆಯನ್ನು ತೆಗೆದುಹಾಕಲಾಗಿದೆ. ನನ್ನ ಮಟ್ಟಿಗೆ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹೇಳಬೇಕಾದ ಸಂಗತಿ ಇದು. ಹೊಸದಾಗಿ ಸೇರಿದ್ದು ಕಣ್ಣಿಗೆ ಬೀಳುತ್ತದೆ; ಅಳಿಸಿದ ಗೆರೆ ಇದ್ದ ಕಡೆ ಬಿಳಿ ಕಾಗದ ಉಳಿದಿರುತ್ತದೆ, ಸುತ್ತ ಮೋಡ ಹಾಕಿದ್ದರೂ ಒಳಗೇನೂ ಕಾಣುವುದಿಲ್ಲ. ತೆಗೆದದ್ದನ್ನು ಮಾತಿನಲ್ಲೇ ಹೇಳಬೇಕು. ಜೊತೆಗೆ, ಬೈಪಾಸ್ ಇಲ್ಲದ ಮೇಲೆ ಪಂಪ್ ಕೆಟ್ಟರೆ ಗತಿಯೇನು ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಅಲ್ಲೇ ಉತ್ತರವಿರಬೇಕು: ಒಂದು ಪಂಪ್ ಓಡುವಾಗ ಇನ್ನೊಂದು ಸಿದ್ಧವಾಗಿರುತ್ತದೆ, ಎರಡಕ್ಕೂ ಜನರೇಟರ್ ಸಂಪರ್ಕವಿದೆ, ನೀರಿನ ಮಟ್ಟ ಮಿತಿ ದಾಟಿದರೆ ಸೆಕ್ಯುರಿಟಿ ಕೋಣೆಯಲ್ಲಿ ಅಲಾರಂ ಹೊಡೆಯುತ್ತದೆ.

ಇದೇ ಟ್ಯಾಂಕಿಗೆ ಇನ್ನೊಂದು ಗೆರೆಯೂ ಬಂದು ಸೇರಿದೆ. ಮರಳು ಮತ್ತು ಕಾರ್ಬನ್ ಫಿಲ್ಟರುಗಳನ್ನು ದಿನಕ್ಕೊಮ್ಮೆ ಹಿಮ್ಮುಖವಾಗಿ ನೀರು ಹರಿಸಿ ತೊಳೆಯುತ್ತಾರೆ. 90 ಸೆಂಟಿಮೀಟರ್ ವ್ಯಾಸದ ಫಿಲ್ಟರನ್ನು ಹತ್ತು ನಿಮಿಷ ತೊಳೆದರೆ ಸುಮಾರು ಎರಡೂವರೆ ಸಾವಿರ ಲೀಟರ್ ಕೊಳೆನೀರು ಬರುತ್ತದೆ, ಎರಡು ಸೇರಿದರೆ 5 ಸಾವಿರ. ಅದೂ ಈಗ ಈಕ್ವಲೈಸೇಷನ್ ಟ್ಯಾಂಕಿಗೆ ಮರಳುತ್ತದೆ. 18 ಸಾವಿರದ ಮೇಲೆ 5 ಸಾವಿರ ಸೇರಿದರೆ 23 ಸಾವಿರ. 24 ಸಾವಿರದ ಟ್ಯಾಂಕಿಗೆ ಅದು ತೀರ ಬಿಗಿ. ಆದ್ದರಿಂದ ಪತ್ರದಲ್ಲಿ ಆಪರೇಟರಿಗೆ ಸಂಬಂಧಿಸಿದ ಒಂದು ವಾಕ್ಯ ಬೇಕು: "ಫಿಲ್ಟರ್ ತೊಳೆಯುವುದನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಬೇಕು, ಬೆಳಗ್ಗೆ ಮಾಡಬಾರದು." ನಕ್ಷೆಯ ಗೆರೆಗೆ ಗಡಿಯಾರ ಗೊತ್ತಿಲ್ಲ. ಹೊತ್ತಿನ ಕಟ್ಟುಪಾಡನ್ನು ಪತ್ರವೇ ಹೇಳಬೇಕು.

ಎರಡನೆಯ ಬದಲಾವಣೆ ಸ್ವಲ್ಪ ಕಷ್ಟದ್ದು. ಸಾಮಾನ್ಯವಾಗಿ ಸಮಿತಿಯ ಸಭೆಯಲ್ಲಿ ಜಗಳ ಹತ್ತುವುದೂ ಇಲ್ಲೇ. ರೆವ್ 1ರಲ್ಲಿ ಏರೇಶನ್ ಟ್ಯಾಂಕಿನ ಕೊನೆಯಿಂದ ಒಂದು ದಪ್ಪ ಗೆರೆ ಹೊರಟು ಹಿಂದಕ್ಕೆ ತಿರುಗಿ, ಹೊಸ ಟ್ಯಾಂಕಿಗೆ ಬಂದು ಸೇರುತ್ತದೆ. ಕೋಷ್ಟಕದಲ್ಲಿ ಆ ಗೆರೆಯ ಎದುರು ದಿನಕ್ಕೆ 210 ಸಾವಿರ ಲೀಟರ್ ಎಂದಿದೆ. ಹೊಸ ಟ್ಯಾಂಕಿನಿಂದ ಹೊರಡುವ ಗೆರೆಯ ಎದುರು 350 ಸಾವಿರ ಎಂದಿದೆ. ದಿನಕ್ಕೆ 70 ಸಾವಿರ ಲೀಟರ್ ಬರುವ ಘಟಕದಲ್ಲಿ 350 ಸಾವಿರ ಎಲ್ಲಿಂದ ಬಂತು? ಶುದ್ಧವಾಗುತ್ತಿರುವ ನೀರನ್ನು ಮತ್ತೆ ಹೊಲಸಿಗೇಕೆ ಬೆರೆಸುತ್ತೀರಿ? ಒಳಬರುವ ನೀರಿನ ಪಂಪಿಗಿಂತ ಈ ಪಂಪ್ ದೊಡ್ಡದೇಕೆ? ಇವೆಲ್ಲ ಸರಿಯಾದ ಪ್ರಶ್ನೆಗಳು. ಪತ್ರ ಇವನ್ನು ಮೊದಲೇ ಊಹಿಸಿ ಬಿಡಿಸಿ ಹೇಳಬೇಕು.

ಕಾರಣ ಸಾರಜನಕ. ನಮ್ಮ ಮೂತ್ರದಿಂದ ಕೊಳಚೆ ನೀರಿಗೆ ಬರುವ ಸಾರಜನಕ ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ. ಏರೇಶನ್ ಟ್ಯಾಂಕಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ಬಳಸಿ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಹೋಯಿತು, ಆದರೆ ಸಾರಜನಕ ನೀರಿನಲ್ಲೇ ಉಳಿಯಿತು. ಆ ನೀರು ಕೆರೆ ಸೇರಿದರೆ ಪಾಚಿಗೂ ಜೊಂಡಿಗೂ ಗೊಬ್ಬರವಾಗುತ್ತದೆ. ನೈಟ್ರೇಟನ್ನು ನಿಜವಾಗಿ ತೆಗೆಯಬೇಕಾದರೆ ಅದನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡಬೇಕು. ಇದನ್ನು ಮಾಡುವ ಬ್ಯಾಕ್ಟೀರಿಯಾ ಬೇರೆ. ಅವಕ್ಕೆ ಎರಡು ಷರತ್ತುಗಳಿವೆ. ನೀರಿನಲ್ಲಿ ಕರಗಿದ ಆಮ್ಲಜನಕ ಇರಬಾರದು. ಇದ್ದರೆ ಅದನ್ನೇ ಉಸಿರಾಡಿ ನೈಟ್ರೇಟನ್ನು ಮುಟ್ಟುವುದಿಲ್ಲ. ತಿನ್ನಲು ಹೊಲಸೂ ಬೇಕು. ಹಸಿದರೆ ಕೆಲಸ ನಿಲ್ಲುತ್ತದೆ.

ಈಗ ತೊಡಕು ನೋಡಿ. ನೈಟ್ರೇಟ್ ಹುಟ್ಟುವುದು ಏರೇಶನ್ ಟ್ಯಾಂಕಿನ ಕೊನೆಯಲ್ಲಿ. ಅಷ್ಟು ಹೊತ್ತಿಗೆ ತಿನ್ನುವ ಹೊಲಸೆಲ್ಲ ಮುಗಿದಿರುತ್ತದೆ. ಹೊಲಸು ಹೇರಳವಾಗಿರುವುದು ಮೊದಲಲ್ಲಿ, ಆದರೆ ಅಲ್ಲಿ ನೈಟ್ರೇಟ್ ಇಲ್ಲ. ಗಾಳಿ ಊದದ, ಬರೇ ಕಲಕುವ ಟ್ಯಾಂಕೊಂದನ್ನು ಏರೇಶನ್ ಟ್ಯಾಂಕಿನ ಮುಂಚೆ ಇಡಬಹುದೆಂದು ಅಮೆರಿಕದ ಲುಡ್ಜಾಕ್ ಮತ್ತು ಎಟ್ಟಿಂಗರ್ 1962ರಲ್ಲಿ ತೋರಿಸಿದರು. ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ 1973ರಲ್ಲಿ ಆ ನಕ್ಷೆಗೆ ಒಂದು ಗೆರೆ ಸೇರಿಸಿದರು: ಏರೇಶನ್ ಟ್ಯಾಂಕಿನ ಕೊನೆಯಿಂದ ಮೊದಲ ಟ್ಯಾಂಕಿಗೆ, ಪಂಪಿನ ಮೂಲಕ. ನೈಟ್ರೇಟನ್ನು ಹೊಲಸು ಇರುವ ಕಡೆಗೇ ಒಯ್ಯುವುದು ಅದರ ಉದ್ದೇಶ. ಅಪಾರ್ಟ್‌ಮೆಂಟಿನ ರೆವ್ 1ರಲ್ಲಿ ಹೊಸದಾಗಿ ಬಂದದ್ದೂ ಇದೇ ಟ್ಯಾಂಕ್, ಇದೇ ಗೆರೆ. ಟ್ಯಾಂಕಿನ ಹೆಸರು ಅನಾಕ್ಸಿಕ್ ಟ್ಯಾಂಕ್.

ಮ್ಯಾನೇಜರ್ ಪತ್ರದಲ್ಲಿ ಈ ಇತಿಹಾಸ ಬೇಕಿಲ್ಲ. ಅಂಕಿಗಳು ಮಾತ್ರ ಬೇಕೇ ಬೇಕು:

"ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ರೆವ್ 0 ಆದಮೇಲೆ ಬಂತು. ಶುದ್ಧೀಕರಿಸಿದ ನೀರಿನಲ್ಲಿ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬ ಷರತ್ತು ಅದರಲ್ಲಿದೆ. ನಿಮ್ಮ ಕೊಳಚೆ ನೀರಿನಲ್ಲಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ಇದೆ. 10ರಷ್ಟನ್ನು ಬ್ಯಾಕ್ಟೀರಿಯಾ ತಮ್ಮ ಮೈ ಬೆಳೆಸಿಕೊಳ್ಳಲು ಬಳಸಿ ಸ್ಲಡ್ಜಿನ ಜೊತೆ ಹೊರಹೋಗುತ್ತವೆ. ಉಳಿದ 40 ನೈಟ್ರೇಟ್ ಆಗುತ್ತದೆ. ಹೊಸ ಏರ್ಪಾಡಿನಲ್ಲಿ ಏರೇಶನ್ ಟ್ಯಾಂಕಿನಿಂದ ಹೊರಡುವ ಪ್ರತಿ ಐದು ಪಾಲು ನೀರಿನಲ್ಲಿ ಮೂರು ಪಾಲು ಹೊಸ ಪಂಪಿನ ಮೂಲಕ, ಒಂದು ಪಾಲು ಸ್ಲಡ್ಜಿನ ಜೊತೆ, ಹೀಗೆ ಒಟ್ಟು ನಾಲ್ಕು ಪಾಲು ಅನಾಕ್ಸಿಕ್ ಟ್ಯಾಂಕಿಗೆ ಮರಳುತ್ತದೆ. ಅಲ್ಲಿ ಅದರ ನೈಟ್ರೇಟ್ ಅನಿಲವಾಗಿ ಹೋಗುತ್ತದೆ. ಒಂದು ಪಾಲು ಮಾತ್ರ ಮುಂದಕ್ಕೆ ಹೋಗುತ್ತದೆ. 40ರ ಐದನೆಯ ಒಂದು ಭಾಗ 8. ಷರತ್ತಿನೊಳಗೆ ಬರುತ್ತದೆ."

ಪತ್ರದ ಈ ಸಾಲುಗಳನ್ನು ಹಿಡಿದು ಕೋಷ್ಟಕ ನೋಡಿದರೆ 350ರ ಗುಟ್ಟು ಬಿಡುತ್ತದೆ. ಹೊಸ ಕೊಳಚೆ 70, ಪಂಪಿನಿಂದ ಮರಳಿದ್ದು 210, ಸ್ಲಡ್ಜಿನ ಜೊತೆ ಮರಳಿದ್ದು 70. ಮೂರೂ ಕೂಡಿ 350 ಸಾವಿರ ಲೀಟರ್ ಅನಾಕ್ಸಿಕ್ ಟ್ಯಾಂಕಿನಿಂದ ಏರೇಶನ್ ಟ್ಯಾಂಕಿಗೆ ಹೋಗುತ್ತದೆ. ಏರೇಶನ್ ಟ್ಯಾಂಕಿನ ಕೊನೆಯಲ್ಲಿ 210 ಹಿಂದಕ್ಕೆ ತಿರುಗಿದರೆ ಸೆಟ್ಲಿಂಗ್ ಟ್ಯಾಂಕಿಗೆ 140 ಹೋಗುತ್ತದೆ. ಅದರಲ್ಲಿ 70 ಕೆಳಗಿನಿಂದ ಸ್ಲಡ್ಜಿನ ಜೊತೆ ಮರಳುತ್ತದೆ, 70 ಮೇಲಿನಿಂದ ತಿಳಿನೀರಾಗಿ ಹೊರಹೋಗುತ್ತದೆ. ಹೊರಗೆ ತೆಗೆದೊಗೆಯುವ ಹೆಚ್ಚುವರಿ ಸ್ಲಡ್ಜಿನ ನೀರು ತುಂಬ ಕಡಿಮೆ, ಅದನ್ನಿಲ್ಲಿ ಬಿಟ್ಟಿದ್ದೇನೆ. ಒಳಬಂದದ್ದು 70, ಹೊರಹೋದದ್ದು 70. ನಡುವೆ ಅದೇ ನೀರು ಸರಾಸರಿ ಐದು ಸುತ್ತು ಹೊಡೆದಿರುತ್ತದೆ.

ಎಂಜಿನಿಯರ್ ಅಲ್ಲದವರೂ ಪರಿಷ್ಕೃತ ನಕ್ಷೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದೊಂದೇ ಟ್ಯಾಂಕಿನ ಮೇಲೆ ಬೆರಳಿಟ್ಟು ಒಳಬರುವ ಬಾಣಗಳನ್ನು ಕೂಡಿ, ಹೊರಹೋಗುವ ಬಾಣಗಳನ್ನು ಕೂಡಿ. ಎರಡೂ ಸರಿಹೋಗದಿದ್ದರೆ ಎಲ್ಲೋ ಗೆರೆಯೊಂದು ಬಿಟ್ಟುಹೋಗಿದೆ, ಇಲ್ಲವೇ ಅಂಕಿ ಹಳೆಯ ಪ್ರತಿಯಿಂದ ಹಾಗೇ ಉಳಿದಿದೆ. ಚಿತ್ರವನ್ನು ಬದಲಿಸಿ ಕೋಷ್ಟಕವನ್ನು ಮರೆಯುವುದು ಪರಿಷ್ಕೃತ ನಕ್ಷೆಗಳಲ್ಲಿ ಮಾಮೂಲಿ. ಮೋಡ ಹಾಕದೆ ಸದ್ದಿಲ್ಲದೆ ಮಾಡಿದ ಬದಲಾವಣೆಯೂ ಈ ಕೂಡುವಿಕೆಯಲ್ಲಿ ಎಷ್ಟೋ ಸಲ ಸಿಕ್ಕಿಬೀಳುತ್ತದೆ.

ಹಾಗಾದರೆ ಇನ್ನೂ ದೊಡ್ಡ ಪಂಪ್ ಹಾಕಿ ನಾಲ್ಕರ ಬದಲು ಎಂಟು ಪಾಲು ಮರಳಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಆಗ 40ರ ಒಂಬತ್ತನೆಯ ಒಂದು ಭಾಗ, ಅಂದರೆ ಸುಮಾರು ನಾಲ್ಕೂವರೆ ಉಳಿಯುತ್ತದೆ. ಮರಳಿಸುವ ನೀರು ಎರಡರಷ್ಟಾದರೂ ಸಿಕ್ಕ ಲಾಭ ಮೂರೂವರೆ ಮಿಲಿಗ್ರಾಂ. ಅದೂ ಕಾಗದದ ಮೇಲೆ ಮಾತ್ರ. ಏರೇಶನ್ ಟ್ಯಾಂಕಿನಿಂದ ಮರಳುವ ನೀರು ತನ್ನ ಜೊತೆ ಆಮ್ಲಜನಕವನ್ನೂ ಒಯ್ಯುತ್ತದೆ. ಹೆಚ್ಚು ಮರಳಿಸಿದಷ್ಟೂ ಅನಾಕ್ಸಿಕ್ ಟ್ಯಾಂಕಿನ ಮೊದಲ ಷರತ್ತು ಮುರಿಯುತ್ತದೆ. ಎರಡನೆಯ ಷರತ್ತಿಗೂ ಮಿತಿಯಿದೆ: ಕೊಳಚೆಯಲ್ಲಿ ಹೊಲಸಿನ ಅಂಶವೇ ಕಡಿಮೆಯಿದ್ದರೆ ಎಷ್ಟು ಮರಳಿಸಿದರೂ ನೈಟ್ರೇಟ್ ಕರಗುವುದಿಲ್ಲ. ಇಂಥ ಮಿತಿಗಳನ್ನು ಪತ್ರದಲ್ಲಿ ಬರೆದರೆ ಗ್ರಾಹಕರು ಹೆದರುತ್ತಾರೆ ಎಂದು ಕೆಲವರು ಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. 8 ಮಿಲಿಗ್ರಾಂ ಎಂಬುದು ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಗೊತ್ತಿದ್ದರೆ ಮಾತ್ರ ಅದು ತಪ್ಪಿದಾಗ ಕಾರಣ ಹುಡುಕಲು ಸಾಧ್ಯ.

ಕಾರಣ ಹುಡುಕುವ ದಾರಿಯೂ ಪತ್ರದಲ್ಲಿ ನಾಲ್ಕು ಸಾಲು ಬೇಡುತ್ತದೆ. ಅನಾಕ್ಸಿಕ್ ಟ್ಯಾಂಕಿನ ಹೊರದಾರಿಯಲ್ಲಿ ನೈಟ್ರೇಟ್ ಪಟ್ಟಿಯಿಂದ ಪರೀಕ್ಷಿಸಿದರೆ ಬಹುತೇಕ ಸೊನ್ನೆ ಬರಬೇಕು. ಬರದಿದ್ದರೆ ಅಲ್ಲಿಗೆ ಆಮ್ಲಜನಕ ನುಗ್ಗುತ್ತಿದೆ ಅಥವಾ ಹೊಲಸು ಸಾಲುತ್ತಿಲ್ಲ. ಆಮ್ಲಜನಕ ಅಳೆಯುವ ಮೀಟರ್ ಇಳಿಬಿಟ್ಟರೆ ಯಾವುದೆಂದು ತಿಳಿಯುತ್ತದೆ. ಏರೇಶನ್ ಟ್ಯಾಂಕಿನ ಕೊನೆಯಲ್ಲಿ ಅಮೋನಿಯಾ ಹೆಚ್ಚಿದ್ದರೆ ಗಾಳಿ ಸಾಲದು ಎಂದರ್ಥ. ಅನಾಕ್ಸಿಕ್ ಟ್ಯಾಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮರಳುವ ಪಂಪೋ ಕಲಕುವ ಯಂತ್ರವೋ ನಿಂತಿದೆ. ಇನ್ನೊಂದು ಗುರುತು ಬರಿಗಣ್ಣಿಗೇ ಕಾಣುತ್ತದೆ. ಸೆಟ್ಲಿಂಗ್ ಟ್ಯಾಂಕಿನ ತಳಕ್ಕೆ ಇಳಿದಿದ್ದ ಕಂದು ರಾಡಿ ಹೆಂಟೆಹೆಂಟೆಯಾಗಿ ಮೇಲೆದ್ದು ಬರುತ್ತದೆ, ಕೋಲಿನಿಂದ ತಟ್ಟಿದರೆ ಅದರೊಳಗಿಂದ ಸಣ್ಣ ಗುಳ್ಳೆಗಳು ಹೊರಟು, ರಾಡಿ ಮತ್ತೆ ಮುಳುಗುತ್ತದೆ. ಅನಾಕ್ಸಿಕ್ ಟ್ಯಾಂಕಿನಲ್ಲಿ ಆಗಬೇಕಾಗಿದ್ದ ಕೆಲಸ ಆಗದೆ, ಉಳಿದ ನೈಟ್ರೇಟ್ ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಅನಿಲವಾಗುತ್ತಿರುವುದರ ಲಕ್ಷಣವದು. ಆ ಗುಳ್ಳೆಗಳೇ ರಾಡಿಯನ್ನು ಎತ್ತುತ್ತವೆ, ರಾಡಿ ಮುಂದೆ ಹೋಗಿ ಮರಳಿನ ಫಿಲ್ಟರನ್ನು ಕಟ್ಟಿಸುತ್ತದೆ.

ಬೆಲೆಯ ಮಾತು ಬಂದಾಗ ಪತ್ರ ಎರಡು ಬದಲಾವಣೆಗಳನ್ನು ಬೇರೆ ಬೇರೆ ಇಡಬೇಕು. ಎರಡರ ಕಾರಣವೂ ಬೇರೆ. ಟ್ಯಾಂಕ್ ದೊಡ್ಡದಾಗಿದ್ದು ಅಳತೆಯಿಂದ, ಅನಾಕ್ಸಿಕ್ ಬಂದದ್ದು ಮಂಡಳಿಯ ಷರತ್ತಿನಿಂದ. ಯಾವುದರ ಖರ್ಚು ಯಾರದು ಎಂಬುದು ಒಪ್ಪಂದದ ಯಾವ ಕಲಮಿನ ಪ್ರಕಾರ ಎಂದು ತಿಳಿಸಬೇಕು. ಎಲ್ಲವನ್ನೂ "ತಾಂತ್ರಿಕ ಕಾರಣಗಳಿಂದ" ಎಂಬ ಒಂದೇ ಸಾಲಿನಲ್ಲಿ ಸುತ್ತಿಟ್ಟರೆ ಆ ಸಂಘದವರು ಮುಂದೆ ಯಾವ ಬಿಲ್ಲನ್ನೂ ನಂಬುವುದಿಲ್ಲ. ಜಾಗದ ಲೆಕ್ಕವೂ ತೆರೆದಿರಬೇಕು. ಮೂರು ಮೀಟರ್ ಆಳದ ಟ್ಯಾಂಕಿಗೆ 12 ಸಾವಿರ ಲೀಟರ್ ಹೆಚ್ಚಲು 4 ಚದರ ಮೀಟರ್, 9 ಸಾವಿರ ಲೀಟರಿನ ಅನಾಕ್ಸಿಕ್ ಟ್ಯಾಂಕಿಗೆ 3 ಚದರ ಮೀಟರ್. ಗೋಡೆಯ ದಪ್ಪ, ಓಡಾಡುವ ಜಾಗ ಸೇರಿದರೆ ಒಂದು ಕಾರಿನ ಜಾಗ ಹೋಗುತ್ತದೆ. ವಿದ್ಯುತ್ತಿನದೂ ಹಾಗೇ: ಅರ್ಧ ಅಶ್ವಶಕ್ತಿಯ ಪಂಪು, ಅರ್ಧ ಅಶ್ವಶಕ್ತಿಯ ಕಲಕುವ ಯಂತ್ರ, ಎರಡೂ ಇಡೀ ದಿನ ಓಡಿದರೆ 18 ಯೂನಿಟ್.

ಬದಲಾಗದ್ದನ್ನೂ ಹೇಳಬೇಕು. ಗ್ರಾಹಕರ ಮನಸ್ಸಿನಲ್ಲಿ ಕೊರೆಯುವುದು ಹೆಚ್ಚಾಗಿ ಅದೇ. "ಘಟಕದ ಸಾಮರ್ಥ್ಯ ಮೊದಲಿನಂತೆಯೇ 70 ಸಾವಿರ ಲೀಟರ್. ಬ್ಲೋವರ್, ಫಿಲ್ಟರುಗಳು, ಕ್ಲೋರಿನ್ ವ್ಯವಸ್ಥೆ, ಫ್ಲಶ್ಶಿನ ಪೈಪುಗಳು ಯಾವುದೂ ಬದಲಾಗಿಲ್ಲ. ಮನೆಗಳ ಒಳಗೆ ಯಾವ ಕೆಲಸವೂ ಇಲ್ಲ." ಇಷ್ಟು ಓದಿದರೆ ನಾಲ್ಕನೆಯ ಮಹಡಿಯ ಅಜ್ಜಿಯವರೆಗೆ ಎಲ್ಲರ ಅರ್ಧ ಪ್ರಶ್ನೆಗಳು ಇಳಿಯುತ್ತವೆ.

ಕೊನೆಗೆ ಅವಧಿ. ಒಪ್ಪಿಗೆ ಕಾಂಕ್ರೀಟಿಗೆ ಮೊದಲೇ ಏಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣವಿದೆ. ಪೈಪೊಂದು ಟ್ಯಾಂಕಿನ ಗೋಡೆ ದಾಟುವ ಕಡೆ ಪಡಲ್ ಫ್ಲ್ಯಾಂಜ್ ಎಂಬ ತುಂಡನ್ನು ಇಡುತ್ತಾರೆ. ಅದು ನಡುವೆ ಅಗಲವಾದ ಬಳೆಯಿರುವ ಪೈಪು. ಬಳೆ ಕಾಂಕ್ರೀಟಿನೊಳಗೆ ಹುದುಗಿ, ಪೈಪಿನ ಹೊರಮೈ ಹಿಡಿದು ನೀರು ಜಿನುಗದಂತೆ ತಡೆಯುತ್ತದೆ. ಕಬ್ಬಿಣ ಕಟ್ಟುವಾಗಲೇ ಅದನ್ನು ಅದರ ಎತ್ತರಕ್ಕೆ ಕೂರಿಸಬೇಕು. ಹಿಂದಕ್ಕೆ ತಿರುಗುವ ಆ ಗೆರೆಗೆ ಏರೇಶನ್ ಟ್ಯಾಂಕಿನ ಗೋಡೆಯಲ್ಲಿ ಒಂದು, ಅನಾಕ್ಸಿಕ್ ಟ್ಯಾಂಕಿನ ಗೋಡೆಯಲ್ಲಿ ಒಂದು ಬೇಕು. ರೆವ್ 0 ಹಿಡಿದ ಮೇಸ್ತ್ರಿಗೆ ಅವೆರಡೂ ಕಾಣುವುದಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಕೋರ್ ಕಟಿಂಗ್ ಮಾಡಿ ತೂತು ತೆಗೆಯಬೇಕು, ಒಳಗಿನ ಕಂಬಿಯನ್ನೂ ಕತ್ತರಿಸಬೇಕು, ಸುತ್ತ ತುಂಬಿದ ಗ್ರೌಟಿನಿಂದ ಕೊಳಚೆ ಜಿನುಗುವುದನ್ನು ವರ್ಷ ವರ್ಷ ನೋಡುತ್ತಿರಬೇಕು.

ಆದ್ದರಿಂದ ಪತ್ರದ ಕೊನೆಯ ಪ್ಯಾರಾ ಹೀಗಿರಲಿ: "ರೆವ್ 1ರ ಮೇಲೆ ಸಹಿ ಮಾಡಿ ಒಂದು ಪ್ರತಿ ಕಳಿಸಿಕೊಡಿ. ಸಮಿತಿಯಲ್ಲಿ ಚರ್ಚೆ ಬೇಕಾದರೆ ನಾನೇ ಬಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಒಪ್ಪಿಗೆ ಬರುವವರೆಗೆ ಗೋಡೆಯ ಕೆಲಸ ನಿಲ್ಲಿಸಿದ್ದೇವೆ, ತಳದ ಕೆಲಸ ಮಾತ್ರ ನಡೆಯುತ್ತದೆ. ಸೈಟಿನಲ್ಲಿರುವ ರೆವ್ 0 ಪ್ರತಿಗಳ ಮೇಲೆ 'ರದ್ದಾಗಿದೆ' ಎಂದು ಮೊಹರು ಹಾಕಿ ವಾಪಸು ಪಡೆದಿದ್ದೇವೆ. ನಿಮ್ಮ ಕಚೇರಿಯಲ್ಲಿರುವ ಪ್ರತಿಯನ್ನೂ ಹಾಗೇ ಗುರುತು ಮಾಡಿ ಇಡಿ, ಎಸೆಯಬೇಡಿ. ಯಾವುದು ಯಾವಾಗ ಬದಲಾಯಿತು ಎಂದು ಮುಂದೆ ನೋಡಬೇಕಾಗಿ ಬಂದರೆ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ, ನಿಜವಾಗಿ ಕಟ್ಟಿದ್ದು ಹೇಗೆ ಎಂಬುದರ ಅಂತಿಮ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಎಸ್‌ಟಿಪಿ ಕೋಣೆಯ ಗೋಡೆಗೆ ಹಾಕಿಕೊಡುತ್ತೇವೆ. ಆಪರೇಟರ್ ಬದಲಾದರೂ ಹಿಂದಕ್ಕೆ ಹೋಗುವ ಪಂಪನ್ನು ವಿದ್ಯುತ್ ಉಳಿಸಲು ಆರಿಸಬಾರದು ಎಂದು ಅದರ ಪಕ್ಕದಲ್ಲೇ ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿರುತ್ತೇವೆ."